ಬೋಣಿ ಹಾಲು: ಡೇರಿ ಕಾರ್ಯದರ್ಶಿಯ ಕೊರತೆ ಲೆಕ್ಕವನ್ನು ಸಣ್ಣಕಥೆಯಾಗಿ ಬರೆಯುವ ಬಗೆ

ಹಳ್ಳಿಯ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ ಹಳೆಯ ಸಂಗ್ರಹಣಾ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸುತ್ತಾಳೆ. ಕೆಜಿಯನ್ನು ಲೀಟರಿಗೆ ತಿರುಗಿಸುವ ಒಂದು ಕಾಲಂ ಸೇರಿಸುತ್ತಾಳೆ. ವರ್ಷಗಳಿಂದ ಸರಿಯಾಗಿ ಕೂಡಿಬರುತ್ತಿದ್ದ ಲೆಕ್ಕದಲ್ಲಿ ದಿನವೂ ಒಂಬತ್ತು ಲೀಟರ್ ಕಾಣೆ. ಕಥೆಯ ಬೀಜ ಇಷ್ಟೇ. ಕೇಳಿದರೆ ಸುಲಭ ಅನಿಸುತ್ತದೆ, ಬರೆಯಲು ಕೂತರೆ ಎಡವುವುದು ಲೆಕ್ಕದಲ್ಲಿ. ದಿನಕ್ಕೆ ಹತ್ತು ಲೀಟರ್ ಕದಿಯುವ ಒಬ್ಬ ಕಳ್ಳನನ್ನು ಇಟ್ಟು ಕೊನೆಯಲ್ಲಿ ಹಿಡಿದುಹಾಕಿದರೆ, ಡೇರಿ ಮುಂದೆ ಒಂದು ದಿನವಾದರೂ ಸಾಲಿನಲ್ಲಿ ನಿಂತ ಓದುಗ ಎರಡನೇ ಪುಟಕ್ಕೇ ನಂಬುವುದನ್ನು ಬಿಡುತ್ತಾನೆ. ಆದ್ದರಿಂದ ಇಲ್ಲಿ ಮೊದಲು ಲೆಕ್ಕವನ್ನು ಕಟ್ಟುತ್ತೇವೆ, ಪಾತ್ರಗಳು ಆ ಲೆಕ್ಕದೊಳಗಿನಿಂದಲೇ ಎದ್ದು ಬರುತ್ತವೆ. ಕೆಳಗಿನ ಅಂಕಿಗಳೆಲ್ಲ ಕಥೆಗಾಗಿ ಹೊಂದಿಸಿದವು. ಆದರೆ ಅವು ನಡೆದುಕೊಳ್ಳುವ ರೀತಿ ಯಾವ ಡೇರಿಯಲ್ಲಾದರೂ ನಡೆಯುವಂಥದ್ದೇ.

ಹಂತ 1: ಸಂಘದ ಅಳತೆಯನ್ನು ಗೊತ್ತುಮಾಡಿಕೊಳ್ಳಿ

ನಾಗಮಂಗಲದ ಕಡೆಯ ಒಂದು ಮಹಿಳಾ ಸಂಘ ಎಂದಿಟ್ಟುಕೊಳ್ಳಿ. ಬೆಳಿಗ್ಗೆ 80 ಜನ ಹಾಲು ಹಾಕುತ್ತಾರೆ, ಸಂಜೆ 72 ಜನ. ಬೆಳಿಗ್ಗೆ 330 ಲೀಟರ್, ಸಂಜೆ 270, ಒಟ್ಟು 600. ಒಬ್ಬೊಬ್ಬರದು ಸರಾಸರಿ ನಾಲ್ಕು ಲೀಟರ್ ಆಸುಪಾಸು. ಒಂದು ಸೀಮೆಹಸು, ಕೆಲವು ಮನೆಯಲ್ಲಿ ಎರಡು, ಒಬ್ಬಿಬ್ಬರ ಮನೆಯಲ್ಲಿ ಕೊಟ್ಟಿಗೆ ತುಂಬ. ಈ ಸರಾಸರಿಯ ಆಚೀಚೆ ಇಬ್ಬರನ್ನು ಈಗಲೇ ಹೆಸರಿಟ್ಟು ಎತ್ತಿಟ್ಟುಕೊಳ್ಳಿ: ಹೊತ್ತಿಗೆ ಒಂದೇ ಲೀಟರ್ ತರುವ ಒಬ್ಬ ಮುದುಕಿ, ಹದಿನೈದು ಲೀಟರ್ ತರುವ ಒಬ್ಬ ಸಿರಿವಂತ ಹೆಂಗಸು. ಕಥೆಯ ಕೊನೆಗೆ ಇಬ್ಬರೂ ಬೇಕಾಗುತ್ತಾರೆ.

ಡೇರಿಯಲ್ಲಿ ಕೆಲಸ ಮಾಡುವವರು ಇಬ್ಬರಾದರೆ ಸಾಕು. ಕಾರ್ಯದರ್ಶಿ ಲೆಕ್ಕ, ಬಟವಾಡೆ, ಸಭೆಯ ನಡವಳಿ ನೋಡುತ್ತಾಳೆ. ಹಾಲು ಪರೀಕ್ಷಕಿ ತೂಕದ ಯಂತ್ರದ ಮುಂದೆ ನಿಂತು ಹಾಲು ಸುರಿಸಿಕೊಳ್ಳುತ್ತಾಳೆ, ಮಾದರಿ ತೆಗೆಯುತ್ತಾಳೆ, ಫ್ಯಾಟು ನೋಡುತ್ತಾಳೆ. ಈ ಪರೀಕ್ಷಕಿಯನ್ನು ಕಾರ್ಯದರ್ಶಿಯ ವಾರಗಿತ್ತಿಯನ್ನಾಗಿ ಮಾಡಿ. ಅನುಮಾನ ಮೊದಲು ಬೀಳುವುದು ಅವಳ ಮೇಲೆ. ಒಂದೇ ಮನೆಯ ಸೊಸೆಯರ ನಡುವೆ ಅದು ಬಿದ್ದಾಗ ಅಂಕಿಗಳಿಗೆ ಬೇರೆಯೇ ತೂಕ ಬರುತ್ತದೆ.

ಹಾಲು ಹೋಗುವ ದಾರಿಯನ್ನೂ ಗೊತ್ತುಮಾಡಿ. ಸದಸ್ಯರ ಪಾತ್ರೆಯಿಂದ ತೂಕದ ಯಂತ್ರದ ಮೇಲಿನ ಸ್ಟೀಲ್ ಬಕೆಟ್ಟಿಗೆ, ಬಕೆಟ್ಟಿನಿಂದ 40 ಲೀಟರಿನ ಕ್ಯಾನಿಗೆ, ಕ್ಯಾನಿನಿಂದ ಒಕ್ಕೂಟದ ಹಾಲಿನ ಗಾಡಿಗೆ. ಯಂತ್ರ ತೂಗುವುದು ಕೆಜಿಯಲ್ಲಿ. ಆದರೆ ಅದನ್ನು ತಾನೇ ಲೀಟರಿಗೆ ತಿರುಗಿಸಿ ಪರದೆಯಲ್ಲಿ ತೋರಿಸಿ, ಅಷ್ಟೇ ಚೀಟಿಯಲ್ಲಿ ಮುದ್ರಿಸುತ್ತದೆ. ಆ ಕಡೆ ಒಕ್ಕೂಟದಲ್ಲಿ ಕ್ಯಾನು ತೂಗಿ ಟ್ರಕ್ ಶೀಟಿನಲ್ಲಿ ಕೆಜಿ ಬರೆಯುತ್ತಾರೆ. ಈ ಕಡೆ ಲೀಟರ್, ಆ ಕಡೆ ಕೆಜಿ. ಕಥೆ ಇರುವುದು ಈ ಎರಡರ ಸಂದಿಯಲ್ಲಿ.

ನಿಮ್ಮ ಕಥೆಯ ಡೇರಿಯಲ್ಲಿ ಹಾಲು ತಂಪುಮಾಡುವ ದೊಡ್ಡ ಟ್ಯಾಂಕ್, ಅಂದರೆ ಬಿಎಂಸಿ ಇದ್ದರೆ ಬೆಳಿಗ್ಗೆ ಸಂಜೆಯ ಹಾಲು ಅಲ್ಲಿ ಬೆರೆತುಹೋಗುತ್ತದೆ, ಹೊತ್ತಿನ ಲೆಕ್ಕ ಬೇರೆಬೇರೆಯಾಗಿ ಸಿಗುವುದಿಲ್ಲ. ಈ ಕಥೆಗೆ ಹೊತ್ತಿನ ಲೆಕ್ಕ ಬೇಕೇ ಬೇಕು. ಹಾಗಾಗಿ ಕ್ಯಾನು, ಮತ್ತು ದಿನಕ್ಕೆ ಎರಡು ಸಲ ಬರುವ ಗಾಡಿ.

ಹಂತ 2: ಮೊದಲು ಲೆಕ್ಕ ಕೂಡಿಬರಲಿ

ಕೊರತೆಯನ್ನು ಮೊದಲ ಪುಟದಲ್ಲೇ ತೋರಿಸಬೇಡಿ. ಹಳೆಯ ಪುಸ್ತಕದಲ್ಲಿ ಎಲ್ಲವೂ ಸರಿಯಾಗಿ, ಬೇಕಿದ್ದರೆ ಕೊಂಚ ಹೆಚ್ಚಾಗಿಯೇ ಕಾಣಬೇಕು.

ದಿನದ ಸಂಗ್ರಹ 600 ಲೀಟರ್. ಪ್ರತಿಯೊಬ್ಬರ ಹಾಲಿನಿಂದ ಪರೀಕ್ಷೆಗೆ ತೆಗೆಯುವ ಮಾದರಿ ಹಾಲು ತಲಾ 40 ಮಿಲಿ ಎಂದಿಟ್ಟರೆ 152 ಸಲಕ್ಕೆ ಸುಮಾರು 6.1 ಲೀಟರ್. ಪರೀಕ್ಷೆಗೆ ಖರ್ಚಾಗುವುದು ಅದರಲ್ಲಿ ಸ್ವಲ್ಪವೇ. ಉಳಿದದ್ದನ್ನು ಸಂಘ ಊರಿನ ಹೋಟೆಲಿಗೆ ಮಾರುತ್ತದೆ, ಅದಕ್ಕೆ ರಸೀದಿ ಪುಸ್ತಕ ಇದೆ. ಹಾಗಾದರೆ ಗಾಡಿಗೆ ಹೋಗಬೇಕಾದದ್ದು 593.9. ಟ್ರಕ್ ಶೀಟಿನಲ್ಲಿ ಇರುವುದು 602.4. ಹಿಂದಿನ ಕಾರ್ಯದರ್ಶಿ ಈ ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು, ಕೆಳಗೆ ಕೆಂಪು ಶಾಯಿಯಲ್ಲಿ 'ಹೆಚ್ಚು 8.5' ಎಂದು ಬರೆದು ಸಹಿ ಹಾಕಿದ್ದಾಳೆ. ತಿಂಗಳಾನುಗಟ್ಟಲೆ ಹೀಗೆಯೇ. ಆಡಳಿತ ಮಂಡಳಿ ನೋಡಿ ಖುಷಿಪಟ್ಟಿದೆ.

ತಪ್ಪು ಎಲ್ಲಿದೆ ಎಂದರೆ, 593.9 ಲೀಟರ್, 602.4 ಕೆಜಿ. ಒಂದು ಲೀಟರ್ ಹಾಲು ಒಂದು ಕೆಜಿಗಿಂತ ಭಾರ. ಹಾಲಿನಲ್ಲಿ ಕರಗಿರುವ ಪ್ರೋಟೀನು, ಸಕ್ಕರೆ, ಲವಣ ಅದನ್ನು ನೀರಿಗಿಂತ ಭಾರವಾಗಿಸುತ್ತವೆ. ಲ್ಯಾಕ್ಟೋಮೀಟರ್ ತೋರಿಸುವುದೂ ಇದನ್ನೇ: 28 ಎಂದು ಬಂದರೆ ಆ ಹಾಲು ಲೀಟರಿಗೆ 1.028 ಕೆಜಿ ಎಂದರ್ಥ. ಲೆಕ್ಕದ ಅನುಕೂಲಕ್ಕೆ ಡೇರಿಗಳಲ್ಲಿ 1.03 ಎಂದು ಹಿಡಿಯುವುದು ರೂಢಿ. ಆ ಲೆಕ್ಕದಲ್ಲಿ 593.9 ಲೀಟರ್ ಹಾಲು ಗಾಡಿಯ ಕಡೆ 611.7 ಕೆಜಿ ತೂಗಬೇಕಿತ್ತು. ತೂಗಿದ್ದು 602.4. ಕೆಂಪು ಶಾಯಿಯ 'ಹೆಚ್ಚು' ಅಂದರೆ ಕೊರತೆಯೇ, ಕೆಜಿಯ ವೇಷದಲ್ಲಿ.

ಕಥೆಗಾರರಿಗೆ ಇಲ್ಲಿ ಸಿಗುವ ಲಾಭ ದೊಡ್ಡದು. ಹಳೆಯ ಕಾರ್ಯದರ್ಶಿಯನ್ನು ಸುಳ್ಳುಗಾರ್ತಿ ಮಾಡಬೇಕಿಲ್ಲ. ಅವಳು ಬರೆದ ಒಂದೊಂದು ಅಂಕಿಯೂ ನಿಜ.

ಹಂತ 3: ಪಟ್ಟಿ ತಿರುಗಿಸುವ ದೃಶ್ಯ

ಕಾರ್ಯದರ್ಶಿ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಲು ಕಾರಣ ಸಾದಾ ಇರಲಿ. ಲೆಕ್ಕಪರಿಶೋಧನೆಗೆ ಎಕ್ಸೆಲ್ ಶೀಟಿನಲ್ಲೇ ಕೊಡಿ ಅಂದಿದ್ದಾರೆ, ಅಷ್ಟೇ. ತಪ್ಪು ಹುಡುಕಲು ಹೊರಟವಳನ್ನಾಗಿ ಅವಳನ್ನು ತೋರಿಸಬೇಡಿ.

ಅವಳ ಕಾಲಂಗಳು ಹೀಗೆ: A ತಾರೀಕು, B ಹೊತ್ತು, C ಹಾಲು ಹಾಕಿದವರ ಸಂಖ್ಯೆ, D ಸಂಗ್ರಹ ಲೀಟರ್, E ಮಾದರಿ ಹಾಲು ಲೀಟರ್, F ಟ್ರಕ್ ಶೀಟ್ ಕೆಜಿ. ಆಮೇಲೆ ಮೂರು ಸೂತ್ರ:

```
G2: =F2/1.03
H2: =D2-E2-G2
I2: =H2*1000/C2
```

G ಅಂದರೆ ಒಕ್ಕೂಟ ತಲುಪಿದ ಹಾಲು ಲೀಟರಿನಲ್ಲಿ, H ಕೊರತೆ. I ಕಾಲಂ, ಅಂದರೆ ತಲಾ ಎಷ್ಟು ಮಿಲಿ ಕೊರತೆ ಎಂಬುದನ್ನು ಈ ದೃಶ್ಯದಲ್ಲಿ ಹಾಕಿಸಬೇಡಿ, ಮುಂದಕ್ಕೆ ಇಟ್ಟುಕೊಳ್ಳಿ.

ಇಲ್ಲಿ ನಿಜವಾಗಿ ಆಗುವ ತಪ್ಪುಗಳು ಎರಡು, ಎರಡೂ ಕಥೆಗೆ ಒದಗುತ್ತವೆ. ಒಂದು, ಭಾಗಿಸುವ ಬದಲು ಗುಣಿಸುವುದು. 602.4ನ್ನು 1.03ರಿಂದ ಗುಣಿಸಿದರೆ 620.5 ಬರುತ್ತದೆ, ಹಾಕಿದ್ದಕ್ಕಿಂತ ಹೆಚ್ಚು ಹಾಲು ಹೋದಂತೆ. ಲೀಟರಿನ ಅಂಕಿ ಯಾವಾಗಲೂ ಕೆಜಿಯ ಅಂಕಿಗಿಂತ ಚಿಕ್ಕದಿರಬೇಕು, ತಪ್ಪು ಗೊತ್ತಾಗುವುದು ಅದರಿಂದ. ಎರಡು, ಕನ್ನಡ ಅಂಕಿ. ಹಳೆಯ ಪುಸ್ತಕ ಕನ್ನಡ ಅಂಕಿಯಲ್ಲಿದ್ದರೆ ಅವಸರದ ಕೈಬರಹದಲ್ಲಿ ೬ ಮತ್ತು ೯ ಒಂದಕ್ಕೊಂದು ಅದಲುಬದಲಾಗುತ್ತವೆ. 266 ಆಗಬೇಕಾದದ್ದು 296 ಆಗಿ ಒಂದೇ ದಿನ 30 ಲೀಟರ್ ಕೊರತೆ ತೋರಿಸುತ್ತದೆ. ನಿಮ್ಮ ಕಾರ್ಯದರ್ಶಿ ಮೊದಲು ಗಾಬರಿಯಾಗುವುದು ಇಂಥ ದಿನ ನೋಡಿಯೇ ಆಗಲಿ. ಅವಳು ಪುಸ್ತಕ ತೆರೆದು, ಅಂಕಿ ತಿದ್ದಿ, ಉಸಿರು ಬಿಟ್ಟ ಮೇಲೆ ಉಳಿದ ದಿನಗಳ ಕಡೆ ಕಣ್ಣು ಹಾಯಿಸುತ್ತಾಳೆ. ದೊಡ್ಡ ತಪ್ಪು ತಿದ್ದಿದ ಮೇಲೂ ಕಾಲಂ ಸೊನ್ನೆಗೆ ಬರುತ್ತಿಲ್ಲ. 4.8, 4.3, 4.7, 4.2, 4.8. ಒಂದು ದಿನವೂ ತಪ್ಪಿಲ್ಲ.

ಕೊರತೆ 'ಒಂದೇ ಸಮ' ಎಂದರೆ ಪ್ರತಿದಿನ ಅದೇ ಅಂಕಿ ಎಂದಲ್ಲ. ನಿಜವಾದ ಡೇರಿಯಲ್ಲಿ ಒಂದು ಹೊತ್ತು 4.1, ಇನ್ನೊಂದು ಹೊತ್ತು 5.3 ಬರುತ್ತದೆ. ಬಾರದೇ ಇರುವುದು ಸೊನ್ನೆ, ಮತ್ತು ಹೆಚ್ಚು. ಕ್ಯಾನು ಉರುಳಿದ್ದು, ತೂಕ ಬರೆಯುವಾಗ ತಪ್ಪಿದ್ದು, ಇವೆಲ್ಲ ಒಂದು ದಿನ ಆಗುತ್ತವೆ, ಮರುದಿನ ಇರುವುದಿಲ್ಲ. ದಿನವೂ ಒಂದೇ ದಿಕ್ಕಿಗೆ ಹೋಗುವ ವ್ಯತ್ಯಾಸದ ಹಿಂದೆ ದಿನವೂ ನಡೆಯುವ ಒಂದು ಕೆಲಸ ಇರುತ್ತದೆ.

ಹಂತ 4: ಅನುಮಾನಗಳನ್ನು ಲೆಕ್ಕದಿಂದಲೇ ಹುಟ್ಟಿಸಿ, ಲೆಕ್ಕದಿಂದಲೇ ಬಿಡಿಸಿ

ಕಥೆಯ ನಡುಭಾಗ ಇದು, ಹೆಚ್ಚು ಪುಟ ಇದಕ್ಕೇ ಕೊಡಿ. ಕಾರ್ಯದರ್ಶಿ ಕೇಳಬೇಕಾದ ಪ್ರಶ್ನೆ 'ಯಾರು' ಎಂದಲ್ಲ. ಈ ಕೊರತೆ ಯಾವುದರ ಜೊತೆ ಏರುತ್ತದೆ, ಯಾವುದರ ಜೊತೆ ಇಳಿಯುತ್ತದೆ? ಗಾಡಿಯ ಡ್ರೈವರ್ ತೆಗೆದರೆ ಅದು ಗಾಡಿ ಬಂದ ಸಲಕ್ಕೆ ಇಷ್ಟು ಎಂದಿರುತ್ತದೆ. ತೂಕದ ಯಂತ್ರವೇ ತಪ್ಪಾಗಿದ್ದರೆ ಹಾಲು ಹೆಚ್ಚಾದಷ್ಟೂ ಕೊರತೆ ಹೆಚ್ಚು. ಹಾಲು ಸುರಿಸುವ ಜಾಗದಲ್ಲಿ ಏನಾದರೂ ನಡೆಯುತ್ತಿದ್ದರೆ ತಲೆಗೆ ಇಷ್ಟು. ಗೊತ್ತಿಲ್ಲದವಳು ಈ ಮೂರನ್ನೂ ಒಂದಾದ ಮೇಲೆ ಒಂದು ನಂಬಬೇಕು. ಆ ಅನುಮಾನದ ದಾರಿ ಸುಳ್ಳಾಗದಂತೆ ನಾಲ್ಕು ಹೊತ್ತನ್ನು ಆರಿಸಿ ಕೊಟ್ಟಿದ್ದೇವೆ:

| ಹೊತ್ತು | ಜನ | ಸಂಗ್ರಹ ಲೀ. | ಮಾದರಿ ಲೀ. | ಟ್ರಕ್ ಶೀಟ್ ಕೆಜಿ | ತಲುಪಿದ್ದು ಲೀ. | ಕೊರತೆ ಲೀ. |
|---|---|---|---|---|---|---|
| ಮಾಮೂಲಿ ಬೆಳಿಗ್ಗೆ | 80 | 330 | 3.2 | 331.7 | 322.0 | 4.8 |
| ಮಾಮೂಲಿ ಸಂಜೆ | 72 | 270 | 2.9 | 270.7 | 262.8 | 4.3 |
| ಮಾರಿಹಬ್ಬದ ಬೆಳಿಗ್ಗೆ | 45 | 171 | 1.8 | 171.5 | 166.5 | 2.7 |
| ಬೇಸಿಗೆಯ ಬೆಳಿಗ್ಗೆ | 78 | 240 | 3.1 | 239.2 | 232.2 | 4.7 |

ಮೊದಲೆರಡು ಸಾಲು ಮಾತ್ರ ನೋಡಿದವರಿಗೆ ಡ್ರೈವರೇ ಕಾಣುತ್ತಾನೆ. ಬೆಳಿಗ್ಗೆಯೂ ಐದರ ಹತ್ತಿರ, ಸಂಜೆಯೂ ಐದರ ಹತ್ತಿರ, ಸಲಕ್ಕೆ ಐದು ಲೀಟರ್ ಇಳಿಸಿಕೊಂಡು ಹೋಗುತ್ತಿದ್ದಾನೆ ಎಂದು. ಕಾರ್ಯದರ್ಶಿ ಎರಡು ದಿನ ಗಾಡಿಯ ಹಿಂದೆ ಗಂಡನ ಬೈಕಿನಲ್ಲಿ ಹೋಗಿಬರಲಿ, ಏನೂ ಸಿಗದಿರಲಿ. ಅವನನ್ನು ಬಿಡಿಸುವುದು ಮೂರನೇ ಸಾಲು. ಮಾರಿಹಬ್ಬದ ದಿನ ನೆಂಟರು ಬಂದಿದ್ದಾರೆ, ಹಾಲು ಮನೆಯಲ್ಲೇ ಉಳಿದಿದೆ, ಡೇರಿಗೆ ಬಂದವರು 45 ಜನ. ಗಾಡಿ ಮಾತ್ರ ಎಂದಿನಂತೆ ಬಂದಿದೆ. ಸಲಕ್ಕೆ ಇಷ್ಟು ಎಂದು ಕದಿಯುವವನಾಗಿದ್ದರೆ ಅಂದೂ ಐದರ ಹತ್ತಿರ ಇರಬೇಕಿತ್ತು. ಇರುವುದು 2.7.

ಹಾಗಾದರೆ ಹಾಲಿನ ಪ್ರಮಾಣಕ್ಕೆ ತಕ್ಕ ಕೊರತೆಯೇ? ಯಂತ್ರ ನೂರಕ್ಕೆ ಒಂದೂವರೆಯಷ್ಟು ಹೆಚ್ಚು ತೋರಿಸುತ್ತಿದೆಯೇ? ಮೊದಲ ಮೂರು ಸಾಲು ಇದಕ್ಕೆ ಬಹುಮಟ್ಟಿಗೆ ಹೊಂದುತ್ತವೆ, ಅದಕ್ಕೇ ಇದು ಒಳ್ಳೆಯ ಅನುಮಾನ. ಅವಳು ಕಿರಾಣಿ ಅಂಗಡಿಯಿಂದ ಮುದ್ರೆಯುಳ್ಳ 5 ಕೆಜಿಯ ತೂಕದ ಬಟ್ಟು ತಂದು ಯಂತ್ರದ ಮೇಲಿಡಲಿ, ಯಂತ್ರ ಸರಿಯಾಗಿಯೇ ತೋರಿಸಲಿ. ಕಾನೂನು ಮಾಪನಶಾಸ್ತ್ರ ಇಲಾಖೆಯವರ ಆ ವರ್ಷದ ಸೀಲೂ ಅದರ ಮೇಲೆ ಹಾಗೇ ಇರಲಿ. ಆಮೇಲೆ ನಾಲ್ಕನೇ ಸಾಲು. ಬೇಸಿಗೆಯಲ್ಲಿ ಹಸಿ ಮೇವಿಲ್ಲ, ಹಾಲು 330ರಿಂದ 240ಕ್ಕೆ ಇಳಿದಿದೆ. ಪ್ರಮಾಣಕ್ಕೆ ತಕ್ಕ ಕೊರತೆಯಾಗಿದ್ದರೆ ಮೂರೂವರೆ ಲೀಟರಿಗೆ ಇಳಿಯಬೇಕಿತ್ತು. ಇಳಿದಿಲ್ಲ. ಬೇಸಿಗೆಯಲ್ಲಿ ಇಳಿಯದೇ ಉಳಿದದ್ದು ಇನ್ನೊಂದಿದೆ: ಜನ. 80 ಇದ್ದವರು 78 ಆಗಿದ್ದಾರೆ, ಅಷ್ಟೇ.

ಈಗ ಅವಳು I ಕಾಲಂ ಹಾಕಲಿ. ಕೊರತೆಯನ್ನು ಜನರ ಸಂಖ್ಯೆಯಿಂದ ಭಾಗಿಸಿದರೆ ನಾಲ್ಕೂ ಸಾಲಿನಲ್ಲಿ ಬರುವುದು ಒಂದೇ, ತಲಾ 60 ಮಿಲಿ. ಕಥೆಯಲ್ಲಿ ಮಾತಿಲ್ಲದೆ ಬಿಡಬೇಕಾದ ಒಂದು ಸಾಲು ಇದ್ದರೆ ಅದು ಇದು.

ಪರಿವರ್ತನೆಯ ಅಂಕಿಯ ಮೇಲೂ ಯಾರಾದರೂ ತಕರಾರು ತೆಗೆಯಬೇಕು, ಓದುಗರಲ್ಲಿ ಒಬ್ಬರಾದರೂ ಹಾಗೆ ಯೋಚಿಸಿರುತ್ತಾರೆ. 1.03 ಬದಲು 1.028 ಹಿಡಿದರೆ? 602.4 ಕೆಜಿಗೆ 586 ಲೀಟರ್ ಬರುತ್ತದೆ, ಕೊರತೆ ಒಂದು ಲೀಟರಿನಷ್ಟು ಕಡಿಮೆಯಾಗುತ್ತದೆ, ಎಂಟು ಲೀಟರ್ ಹಾಗೇ ಇರುತ್ತದೆ. ಅದೂ ಅಲ್ಲದೆ ಯಂತ್ರ ತನ್ನೊಳಗೆ ಕೆಜಿಯನ್ನು ಯಾವ ಅಂಕಿಯಿಂದ ಲೀಟರ್ ಮಾಡುತ್ತದೋ ಪಟ್ಟಿಯಲ್ಲೂ ಅದೇ ಅಂಕಿ ಹಾಕಬೇಕು, ಏಕೆಂದರೆ ಇವಳು ಮಾಡುತ್ತಿರುವುದು ಯಂತ್ರ ಹೋದ ದಾರಿಯಲ್ಲೇ ಹಿಂದಕ್ಕೆ ಬರುವ ಕೆಲಸ. ಈ ಉತ್ತರವನ್ನು ಒಕ್ಕೂಟದ ವಿಸ್ತರಣಾಧಿಕಾರಿಯ ಬಾಯಲ್ಲಿ ಎರಡು ವಾಕ್ಯದಲ್ಲಿ ಮುಗಿಸಿ. ಹಾಲು ಬೆಚ್ಚಗಿತ್ತು, ಆಮೇಲೆ ತಣ್ಣಗಾಯಿತು ಎನ್ನುವ ವಾದಕ್ಕೆ ಜಾಗವೇ ಬೇಡ. ಎರಡೂ ತುದಿಯಲ್ಲಿ ತೂಗುತ್ತಿರುವಾಗ ಬಿಸಿಗೂ ನೊರೆಗೂ ಇಲ್ಲಿ ಲೆಕ್ಕವಿಲ್ಲ.

ಹಂತ 5: ವಾರಗಿತ್ತಿಯ ಮೇಲಿನ ಅನುಮಾನ

ತಲಾ 60 ಮಿಲಿ ಎಂದಾಕ್ಷಣ ಡೇರಿ ಬಲ್ಲವರೆಲ್ಲ ನೋಡುವುದು ಮಾದರಿ ಹಾಲಿನ ಕಡೆ. ತೂಗಿದ ಮೇಲೆ, ಕ್ಯಾನಿಗೆ ಸುರಿಯುವ ಮೊದಲು ತಲೆಗೆ ಇಷ್ಟು ಎಂದು ತೆಗೆಯುವ ಹಾಲು ಅದೊಂದೇ. ತೆಗೆಯುವವಳು ವಾರಗಿತ್ತಿ. 40 ಮಿಲಿ ತೆಗೆಯುವಲ್ಲಿ 100 ತೆಗೆದು 60 ಮಿಲಿಯನ್ನು ಬೇರೆ ಪಾತ್ರೆಗೆ ಬಗ್ಗಿಸಿದರೆ ಪಟ್ಟಿಯಲ್ಲಿ ಕಾಣುವುದು ಇದೇ ಚಿತ್ರ, ಒಂದು ಹನಿಯೂ ವ್ಯತ್ಯಾಸವಿಲ್ಲದೆ. ಲೆಕ್ಕ ಅವಳನ್ನು ಬಿಡಿಸಲಾರದು. ಇಲ್ಲಿಯವರೆಗೆ ಅಂಕಿಯಿಂದ ಅಂಕಿಗೆ ನಡೆದ ಕಥೆ ಈಗ ಕೋಣೆಯೊಳಗೆ ಬಂದು ನಿಂತು ಕಣ್ಣಿಂದ ನೋಡಬೇಕಾಗುತ್ತದೆ.

ಕಾರ್ಯದರ್ಶಿ ಮಾದರಿ ತೆಗೆಯುವ ಸೌಟನ್ನು ಅಳೆಯಲಿ, 40 ಮಿಲಿಯೇ ಇರಲಿ. ಹೋಟೆಲಿನ ರಸೀದಿ ನೋಡಲಿ, ಸರಿ ಇರಲಿ. ಇಷ್ಟಾದರೂ ಅನುಮಾನ ಹೋಗದಿರಲಿ. ಮನೆಯಲ್ಲಿ ಅಂದು ವಾರಗಿತ್ತಿ ಮಗುವಿಗೆ ಪಾಯಸ ಮಾಡಿದ್ದಾಳೆ, ಇವಳು ಲೋಟ ಹಿಡಿದುಕೊಂಡು ಕೂತಿದ್ದಾಳೆ, ಕುಡಿಯುತ್ತಿಲ್ಲ. ಆಪಾದನೆಯ ಮಾತು ಬೇಡ. ಆ ಲೋಟ ಸಾಕು.

ಹಾಲು ಕದ್ದು ನೀರು ಸೇರಿಸಿದ್ದಾರೆ ಎಂಬ ಜಾಡನ್ನು ಹಿಡಿಯಬೇಡಿ. ನೀರು ಸೇರಿಸಿದರೆ ತೂಕ ಕೂಡಿಬಂದು ಕೊರತೆಯೇ ಕಾಣುವುದಿಲ್ಲ. ಆಗ ಬೀಳುವುದು ಫ್ಯಾಟು ಮತ್ತು ಎಸ್‌ಎನ್‌ಎಫ್, ಅಂದರೆ ಫ್ಯಾಟು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ. ಅದು ಬೇರೆ ಪಟ್ಟಿ, ಬೇರೆ ಕಥೆ.

ಹಂತ 6: ನಿಜವಾದ ಕಾರಣ

ತೂಕದ ಯಂತ್ರದ ಮೇಲೆ ಖಾಲಿ ಬಕೆಟ್ ಇಟ್ಟು `TARE` ಒತ್ತಿದರೆ ಬಕೆಟ್ಟಿನ ತೂಕ ಕಳೆದು ಪರದೆ ಸೊನ್ನೆಗೆ ಬರುತ್ತದೆ. ಆಮೇಲೆ ಸುರಿದದ್ದೆಲ್ಲ ಬರೀ ಹಾಲು. ಈ ಗುಂಡಿಯನ್ನು ಪ್ರತಿ ಸಲ ಬಕೆಟ್ ಖಾಲಿ ಮಾಡಿ ಮತ್ತೆ ಇಟ್ಟಾಗ ಒತ್ತಬೇಕು. ವಾರಗಿತ್ತಿ ಒತ್ತುವುದು ಹೊತ್ತಿಗೆ ಒಂದೇ ಸಲ, ಶುರುವಿನಲ್ಲಿ, ಒಣಗಿದ ಬಕೆಟ್ ಇಟ್ಟಾಗ. ಯಂತ್ರ ಕೂರಿಸಿದವನು ಹಾಗೇ ತೋರಿಸಿ ಹೋಗಿದ್ದ.

ಬಕೆಟ್ಟನ್ನು ಕ್ಯಾನಿಗೆ ಬಗ್ಗಿಸಿದರೆ ಹಾಲೆಲ್ಲ ಹೋಗುವುದಿಲ್ಲ. ಒಳಗೋಡೆಗೆ, ತಳಕ್ಕೆ, ಅಂಚಿನ ಮಡಿಕೆಗೆ ಒಂದಿಷ್ಟು ಹಿಡಿದುಕೊಂಡಿರುತ್ತದೆ. ಸಾಲು ಉದ್ದ ಇದ್ದು ಗಾಡಿಯ ಹೊತ್ತಾಗಿದ್ದರೆ ಬಕೆಟ್ಟು ಪೂರ್ತಿ ತೊಟ್ಟಿಕ್ಕುವವರೆಗೆ ಯಾರೂ ಕಾಯುವುದಿಲ್ಲ. ನಮ್ಮ ಕಥೆಯ ಬಕೆಟ್ಟಿನಲ್ಲಿ ಉಳಿಯುವುದು 62 ಗ್ರಾಂ, ಅಂದರೆ 60 ಮಿಲಿ. ಮುಂದಿನವಳು ಒಂದು ಲೀಟರ್ ಸುರಿದರೆ ಪರದೆ 1.06 ತೋರಿಸುತ್ತದೆ. ಅವಳ ಲೀಟರನ್ನು ಕ್ಯಾನಿಗೆ ಬಗ್ಗಿಸಿದ ಮೇಲೆ ಮತ್ತೆ 60 ಮಿಲಿ ಉಳಿಯುತ್ತದೆ. ಅದರ ಮುಂದಿನವಳಿಗೂ ಅದೇ.

ಮೊದಲು ಹಾಕಿದವಳಿಗೆ ಮಾತ್ರ ಸರಿಯಾದ ಅಳತೆ. ಉಳಿದ 79 ಜನರಿಗೆ ತಲಾ 60 ಮಿಲಿ ಹೆಚ್ಚು ಬರೆದುಕೊಂಡಿದೆ, ಕೊನೆಯ 60 ಮಿಲಿ ಬಕೆಟ್ಟಿನಲ್ಲೇ ಉಳಿದು ತೊಳೆದಾಗ ಚರಂಡಿಗೆ ಹೋಗಿದೆ. 79 ಸಲ ಪುಸ್ತಕದಲ್ಲಿ, ಒಂದು ಸಲ ಚರಂಡಿಯಲ್ಲಿ, ಒಟ್ಟು 80 ಸಲ 60 ಮಿಲಿ, 4.8 ಲೀಟರ್. ಪಟ್ಟಿಯ ಮೊದಲ ಸಾಲು ಇದೇ. ಯಾರೂ ಕದ್ದಿಲ್ಲ. ಒಂದು ಸಣ್ಣ ಲೋಟದ ಹಾಲನ್ನು ಊರೆಲ್ಲ ಸೇರಿ ದಿನವೂ ಒಬ್ಬರಾದ ಮೇಲೊಬ್ಬರು ಮಾರಿದ್ದಾರೆ.

ಇದನ್ನು ಬಿಚ್ಚುವ ದೃಶ್ಯ ಚಿಕ್ಕದಿರಲಿ. ಕಾರ್ಯದರ್ಶಿ ಬೆಳಿಗ್ಗೆ ಯಂತ್ರದ ಪಕ್ಕ ನಿಂತು ಸೌಟನ್ನೇ ನೋಡುತ್ತಿದ್ದಾಳೆ. ವಾರಗಿತ್ತಿ ಬಕೆಟ್ ಬಗ್ಗಿಸಿ ತಂದು ಇಡುತ್ತಾಳೆ. ಮುಂದಿನವಳ ತಂಬಿಗೆಯ ಮುಚ್ಚಳ ಬಿಗಿಯಾಗಿದೆ, ತೆಗೆಯಲು ಹೆಣಗುತ್ತಿದ್ದಾಳೆ. ಬೇರೆ ದಿನ ಎರಡು ಸೆಕೆಂಡೂ ನಿಲ್ಲದ ಅಂಕಿ ಇವತ್ತು ಪರದೆಯ ಮೇಲೆ ಕೆಂಪಗೆ ನಿಂತಿದೆ: 0.06. ಬಕೆಟ್ಟಿನಲ್ಲಿ ಯಾರ ಹಾಲೂ ಇಲ್ಲ.

ಆಮೇಲೆ ಕಾರ್ಯದರ್ಶಿ ಏನು ಮಾಡುತ್ತಾಳೆ? ಕೈ ಚಾಚಿ ಗುಂಡಿ ಒತ್ತುತ್ತಾಳೆ. ವಾರಗಿತ್ತಿ ಅವಳ ಮುಖ ನೋಡುತ್ತಾಳೆ. ಇಷ್ಟು ದಿನ ಅವಳು ಸೌಟನ್ನು ಯಾಕೆ ನೋಡುತ್ತಿದ್ದಳು ಎಂಬುದು ವಾರಗಿತ್ತಿಗೆ ಆಗ ಗೊತ್ತಾಗಬೇಕು.

ಹಂತ 7: ಸುಳಿವನ್ನು ಹಿಂದಕ್ಕೆ ಹೋಗಿ ಊರಿ

ಕಾರಣ ಗೊತ್ತಾದ ಮೇಲೆ ಮೊದಲ ಪುಟಕ್ಕೆ ವಾಪಸ್ ಹೋಗಿ. ಮೊದಲು ಸುರಿದವಳಿಗೆ ಹಿಂದಿನ ಹಾಲಿನ ಪಾಲು ಸಿಗುವುದಿಲ್ಲ ಎಂದೆವಲ್ಲ, ಅದನ್ನು ಊರಿನ ಹೆಂಗಸರು ಯಂತ್ರ ಬಂದ ತಿಂಗಳಲ್ಲೇ ಕಂಡುಕೊಂಡಿರುತ್ತಾರೆ. ಮನೆಯಲ್ಲಿ ಅಳೆದು ತಂದ ಒಂದು ಲೀಟರ್ ಬೋಣಿಗೆ 1.00, ಆಮೇಲೆ 1.06. ಕಾರಣ ಯಾರಿಗೂ ಗೊತ್ತಿಲ್ಲ. ಅದೊಂದು ನಂಬಿಕೆಯಾಗಿ ನಿಂತಿದೆ. ಬಾಗಿಲು ತೆರೆದರೂ ಯಾರೂ ಮುಂದೆ ಬರುವುದಿಲ್ಲ, ಒಬ್ಬರನ್ನೊಬ್ಬರು ತಳ್ಳುತ್ತಾರೆ. ಆ ಮುದುಕಿಯ ಬಾಯಲ್ಲಿ ಮೊದಲ ಪುಟದಲ್ಲೇ ಹೇಳಿಸಿಬಿಡಿ:

"ನಂದು ಬೋಣಿ ಮಾಡ್ಬ್ಯಾಡ ಕಣವ್ವ, ಮೊದ್ಲು ಹಾಕುದ್ರೆ ಕಮ್ಮಿ ತೋರ್ಸುತ್ತೆ."

ಎಲ್ಲರೂ ನಕ್ಕು ಮುಂದೆ ಹೋಗಲಿ. ಓದುಗರೂ ಇದನ್ನು ಹಳ್ಳಿಯ ಬಣ್ಣಕ್ಕೆ ಹಾಕಿದ ಮಾತು ಎಂದು ದಾಟಲಿ. ಈ ಸುಳಿವನ್ನು ಎರಡನೇ ಸಲ ಎಲ್ಲೂ ಎತ್ತಬೇಡಿ, ಕಾರಣ ಬಿಚ್ಚುವಾಗಲೂ 'ಅದಕ್ಕೇ ಮುದುಕಿ ಹಾಗಂದಿದ್ದು' ಎಂದು ನೆನಪಿಸಬೇಡಿ.

ಹಂತ 8: ಹಣ ಎಲ್ಲಿಂದ ಎಲ್ಲಿಗೆ ಹೋಯಿತು

ಕಳ್ಳನಿಲ್ಲದ ಕಥೆಗೆ ಬಿಗಿ ಬರುವುದು ಇಲ್ಲಿಂದ. ಲೀಟರಿಗೆ 34 ರೂಪಾಯಿ ಎಂದಿಟ್ಟರೆ ದಿನಕ್ಕೆ 9 ಲೀಟರಿನ ಲೆಕ್ಕದಲ್ಲಿ 306 ರೂಪಾಯಿ, ತಿಂಗಳಿಗೆ 9,000ದ ಮೇಲೆ. ಒಕ್ಕೂಟ ಸಂಘಕ್ಕೆ ಕೊಡುವ ದರಕ್ಕೂ ಸಂಘ ಸದಸ್ಯರಿಗೆ ಕೊಡುವ ದರಕ್ಕೂ ನಡುವೆ ಒಂದು ಅಂತರ ಇರುತ್ತದೆ. ಸಿಬ್ಬಂದಿ ಸಂಬಳ, ಕರೆಂಟು ಎಲ್ಲ ಅದರಿಂದಲೇ. ಅದು ಲೀಟರಿಗೆ ಒಂದು ರೂಪಾಯಿ ಎಂದಿಟ್ಟರೂ ದಿನಕ್ಕೆ 600. ಅದರಲ್ಲಿ ಅರ್ಧ ಬಕೆಟ್ಟಿನ ಗೋಡೆಗೆ ಅಂಟಿ ಹೋಗುತ್ತಿದೆ. ಸಂಘ ಮುಳುಗಿಲ್ಲ, ಲಾಭ ಮಾತ್ರ ಬಂದಿಲ್ಲ. ವರ್ಷದ ಕೊನೆಗೆ ಪಕ್ಕದೂರಿನ ಡೇರಿಯಲ್ಲಿ ಬೋನಸ್ ಹಂಚಿದರೆ ಇಲ್ಲಿ ಹಂಚಿಲ್ಲ, ಯಾಕೆಂದು ಯಾರಿಗೂ ತಿಳಿದಿಲ್ಲ.

ಈಗ ಮೊದಲ ಹಂತದಲ್ಲಿ ಎತ್ತಿಟ್ಟ ಇಬ್ಬರನ್ನು ಕರೆತನ್ನಿ. ಬೋನಸ್ ಹಂಚುವುದು ಹಾಕಿದ ಹಾಲಿನ ಪ್ರಮಾಣಕ್ಕೆ. ಹದಿನೈದು ಲೀಟರಿನವಳಿಗೆ ಅದು ದೊಡ್ಡ ಮೊತ್ತ, ಬಕೆಟ್ಟಿನ 60 ಮಿಲಿ ಅವಳಿಗೆ ನೂರಕ್ಕೆ ಅರ್ಧವೂ ಅಲ್ಲ. ಒಂದು ಲೀಟರಿನ ಮುದುಕಿಗೆ ಅದೇ 60 ಮಿಲಿ ನೂರಕ್ಕೆ ಆರು. ದಿನಕ್ಕೆರಡು ಸಲದಂತೆ ತಿಂಗಳಿಗೆ 3.6 ಲೀಟರ್, 122 ರೂಪಾಯಿ. ಎರಡು ವಾರಕ್ಕೊಮ್ಮೆ ಬಟವಾಡೆಯಾದರೆ ಸಲಕ್ಕೆ ಅರವತ್ತು ರೂಪಾಯಿ, ಅವಳ ಎಲೆ ಅಡಿಕೆ, ಮಾತ್ರೆಗೆ. ಗುಂಡಿ ಒತ್ತಿದರೆ ಆ ಹಣ ಅವಳ ಕೈಯಿಂದ ಹೊರಟು ಸಂಘದ ಲಾಭಕ್ಕೆ ಸೇರಿ, ವರ್ಷದ ಕೊನೆಗೆ ಬಹುಪಾಲು ಸಿರಿವಂತಳ ಮನೆ ಸೇರುತ್ತದೆ. ಒತ್ತದಿದ್ದರೆ ಕಾರ್ಯದರ್ಶಿ ತಿಳಿದೂ ಸುಳ್ಳು ಚೀಟಿ ಕೊಟ್ಟಂತೆ.

ಸಿರಿವಂತಳನ್ನು ಕೆಟ್ಟವಳಾಗಿ ಬರೆಯುವ ಆಸೆ ಬರುತ್ತದೆ, ಬಿಡಿ. ಅವಳು ಕೇಳುತ್ತಿರುವುದು ತನ್ನ ಹಾಲಿನ ಹಣವನ್ನೇ. ಹಾಗೆಯೇ ಸಭೆಯಲ್ಲಿ ಎಲ್ಲರಿಗೂ ತಿಳಿಹೇಳುವ ಉದ್ದ ಭಾಷಣವೂ ಬೇಡ. ಆಡಳಿತ ಮಂಡಳಿಯ ಸಭೆ ಬರಲೇಬೇಕು ಎನಿಸಿದರೆ ನಡವಳಿ ಪುಸ್ತಕದ ಒಂದೇ ಸಾಲು ಬರೆಯಿರಿ: ಇನ್ನು ಮುಂದೆ ಪ್ರತಿ ಸದಸ್ಯರ ಹಾಲು ಸುರಿಯುವ ಮೊದಲು ಬಕೆಟ್ ತೂಕ ಸೊನ್ನೆ ಮಾಡತಕ್ಕದ್ದು ಎಂದು ತೀರ್ಮಾನಿಸಲಾಯಿತು.

ಹಂತ 9: ಎಲ್ಲಿ ನಿಲ್ಲಿಸಬೇಕು

ಕೊರತೆಯ ಕಾಲಂ ಸೊನ್ನೆಗೆ ಬಂತು ಎಂದು ಮುಗಿಸಬೇಡಿ. ಅದು ಬರುವುದೂ ಇಲ್ಲ. ಬಕೆಟ್ಟಿನಲ್ಲಿ, ಕ್ಯಾನಿನಲ್ಲಿ ಹಿಡಿದುಕೊಂಡ ಹಾಲು, ದಶಮಾಂಶ ಬಿಟ್ಟು ಬರೆದ ತೂಕ, ಹೀಗೆ ಹೊತ್ತಿಗೆ ಕಾಲು ಅರ್ಧ ಲೀಟರ್ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಬರುತ್ತಲೇ ಇರುತ್ತದೆ. ಕಾರ್ಯದರ್ಶಿಗೆ ಅದು ಗೊತ್ತು, ಅವಳು ಮೊದಲ ಸಲ ಒಂದು ಹೆಚ್ಚಿನ ಅಂಕಿ ನೋಡಿ ನೆಮ್ಮದಿಪಡುವ ಒಂದು ಸಾಲು ಇದ್ದರೆ ಸಾಕು.

ಕೊನೆಯ ದೃಶ್ಯ ಮಾರನೆಯ ಬೆಳಿಗ್ಗೆ, ಡೇರಿಯ ಕಿಟಕಿ. ವಾರಗಿತ್ತಿ ಪ್ರತಿ ಸಲ ಗುಂಡಿ ಒತ್ತುತ್ತಿದ್ದಾಳೆ, ಸಾಲು ನಿಧಾನವಾಗಿದೆ. ಮುದುಕಿ ಇಂದೂ ನಾಲ್ಕು ಜನರ ಹಿಂದೆ ನಿಂತು ಬಂದಿದ್ದಾಳೆ. ಹಾಲು ಸುರಿದಳು, ಚೀಟಿ ಹರಿದು ಬಂತು. ಅವಳಿಗೆ ಓದಲು ಬಾರದಿದ್ದರೂ ಆ ಒಂದು ಅಂಕಿಯ ಆಕಾರ ಗೊತ್ತು. ಚೀಟಿಯನ್ನು ಕಿಟಕಿಯೊಳಗೆ ಚಾಚಿ ಕೇಳುತ್ತಾಳೆ:

"ನಾನು ಬೋಣಿ ಮಾಡ್ನಿಲ್ವಲ್ಲವ್ವ, ಸೆಕ್ರೆಟ್ರವ್ವ?"

ಕಾರ್ಯದರ್ಶಿಯ ಉತ್ತರವನ್ನು ಬರೆಯಬೇಡಿ.